ಅತ್ತಿ ಅಂದರೆ ಯಾವ ಅತ್ತಿ?

ಪುಣೆಯ ನಮ್ಮ ಮನೆಯ ಕಪಾಟಿನಲ್ಲಿ ಒಂದು ಹಾರ್ಡ್ ಡಿಸ್ಕ್ ಇದೆ. ಅದರೊಳಗೆ ನಮ್ಮ ಮನೆತನದ ಸುಮಾರು 38,000 ಫೋಟೋಗಳಿವೆ. ಧಾರವಾಡದಲ್ಲಿ ಅವ್ವನ ಟ್ರಂಕಿನಲ್ಲಿದ್ದ ಆಲ್ಬಮ್‌ಗಳನ್ನು ಸ್ಕ್ಯಾನ್ ಮಾಡಿದ್ದು, ಅಣ್ಣನ ಹಳೆಯ ಡಿಜಿಟಲ್ ಕ್ಯಾಮೆರಾದ ಸಿ.ಡಿ.ಗಳು, ನಾಲ್ಕೈದು ಮದುವೆಗಳ ಫೋಟೋಗ್ರಾಫರುಗಳು ಕೊಟ್ಟ ಪೆನ್ ಡ್ರೈವ್‌ಗಳು, ಎಲ್ಲರ ಫೋನಿನಿಂದ ಬಂದಿದ್ದು, ಎಲ್ಲವೂ ಅಲ್ಲಿವೆ. ಊರು ಬಿಟ್ಟು ಬಂದವರ ಮನೆಗಳಲ್ಲಿ ಇಂಥ ಒಂದು ಡಿಸ್ಕ್ ಇದ್ದೇ ಇರುತ್ತದೆ. ಊರಿನಲ್ಲಿರುವವರು ಪರಸ್ಪರ ನೋಡುತ್ತಿರುತ್ತಾರೆ. ನಮಗೆ ನೋಡುವುದಕ್ಕೆ ಫೋಟೋನೇ ಬೇಕು.

ನನ್ನ ಕೆಲಸ ಡೇಟಾಬೇಸ್‌ಗಳದ್ದು. ಆದ್ದರಿಂದ ಈ ರಾಶಿಗೆ ಟ್ಯಾಗ್ ಹಾಕುವ ಕೆಲಸ ಮನೆಯವರೆಲ್ಲ ಸೇರಿ ನನಗೇ ಒಪ್ಪಿಸಿದರು. ಟ್ಯಾಗ್ ಅಂದರೆ ಬೇರೇನಿಲ್ಲ, ಫೋಟೋಕ್ಕೆ ಅಂಟಿಸಿದ ಪದ. ಯಾರು, ಎಲ್ಲಿ, ಏನು ಸಂದರ್ಭ ಎಂಬ ಮೂರು ಪ್ರಶ್ನೆಗೆ ಮೂರು ಉತ್ತರ. ಮೂರೂ ಸರಿಯಾಗಿದ್ದರೆ ಕಾಕಾನ ಮಗಳ ಮದುವೆ ಎರಡು ಸೆಕೆಂಡಿನಲ್ಲಿ ಸಿಗುತ್ತದೆ. ಎರಡು ವರ್ಷಗಳಿಂದ, ಹೆಚ್ಚಾಗಿ ಭಾನುವಾರ ಬೆಳಿಗ್ಗೆ, ಈ ಕೆಲಸ ನಡೆದಿದೆ. ಇದರಲ್ಲಿ ಕಂಪ್ಯೂಟರಿನ ಭಾಗ ಸಣ್ಣದು. ಒಬ್ಬ ಮನುಷ್ಯನಿಗೆ ಒಂದೇ ಹೆಸರು ಇಡುವುದು ದೊಡ್ಡ ಭಾಗ. (ಮುಂದೆ ಬರುವ ಮನೆಯವರ ಹೆಸರುಗಳನ್ನು ಬದಲಿಸಿ ಬರೆದಿದ್ದೇನೆ.)

ಮೊದಲು, "ಫೋನೇ ಮುಖ ಗುರುತಿಸುತ್ತದಲ್ಲ, ಇಷ್ಟೆಲ್ಲ ಯಾಕೆ?" ಎಂದು ಕೇಳುವವರಿಗೆ ಒಂದು ಮಾತು. ಗುರುತಿಸುತ್ತದೆ, ನಿಜ. ಕಾಕಾನ ಮುಖ ಒತ್ತಿದರೆ ಅವರಿರುವ ಆರುನೂರು ಫೋಟೋ ಬರುತ್ತವೆ. ಅವುಗಳಲ್ಲಿ ಯಾವುದು ಮಗಳ ಮದುವೆಯದು, ಯಾವುದು ಮಗನ ಮುಂಜಿವೆಯದು ಎಂದು ಮುಖ ಹೇಳುವುದಿಲ್ಲ. ಎರಡನೆಯದಾಗಿ, ಆ್ಯಪ್‌ನಲ್ಲಿ ಮುಖಕ್ಕೆ ನೀವು ಕೊಟ್ಟ ಹೆಸರು ಸಾಮಾನ್ಯವಾಗಿ ನಿಮ್ಮ ಖಾತೆಯಲ್ಲೇ ಉಳಿಯುತ್ತದೆ. ಫೋಟೋ ಬೇರೆಯವರಿಗೆ ಹೋದಾಗ ಹೆಸರು ಅದರ ಜೊತೆ ಹೋಗುವುದಿಲ್ಲ. ನನ್ನ ಅಣ್ಣ ಒಂದು ಫೋನ್, ತಂಗಿ ಇನ್ನೊಂದು ಫೋನ್ ಬಳಸುತ್ತಾರೆ. ನಾನು ಹತ್ತು ವರ್ಷ ಕೂತು ಹೆಸರಿಟ್ಟರೂ ಅದು ನನ್ನ ಖಾತೆಯ ಜೊತೆಗೇ ಮುಗಿಯುತ್ತದೆ. ಆದ್ದರಿಂದ ಪದವನ್ನು ಫೋಟೋದ ಫೈಲಿನ ಒಳಗೇ ಬರೆಯಬೇಕು.

ಫೈಲಿನ ಒಳಗೆ ಅದಕ್ಕೆ ಜಾಗ ಇದೆ. ಆಲ್ಬಮ್ಮಿನ ಫೋಟೋ ಹಿಂದೆ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೆವಲ್ಲ, ಹಾಗೆ. ಅಲ್ಲಿ ಎರಡು ಗೂಡುಗಳಿವೆ. ಒಂದು ಹಳೆಯದು, ಐಪಿಟಿಸಿ ಎಂಬುದು. ಸುದ್ದಿಸಂಸ್ಥೆಗಳು ಪತ್ರಿಕೆಗಳಿಗೆ ಫೋಟೋ ಕಳಿಸುವಾಗ ವಿವರವೂ ಜೊತೆಗೆ ಹೋಗಲಿ ಎಂದು ಮಾಡಿಕೊಂಡ ವ್ಯವಸ್ಥೆ. ಇನ್ನೊಂದು ಎಕ್ಸ್‌ಎಂಪಿ, 2001ರಲ್ಲಿ ಅಡೋಬ್ ತಂದದ್ದು. ನಾನು ಬಳಸುವುದು ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶ. ಅದು ಎರಡರಲ್ಲೂ ಬರೆಯಬಲ್ಲದು. ಆದರೆ ಸೆಟ್ಟಿಂಗ್ಸ್‌ನ ಮೆಟಾಡೇಟಾ ಪುಟದಲ್ಲಿ ಟ್ಯಾಗ್‌ಗಳನ್ನು ಫೈಲಿಗೆ ಬರೆಯಬೇಕು ಎಂಬ ಕಡೆ ಗುರುತು ಇರಬೇಕು. ಇಲ್ಲದಿದ್ದರೆ ಪದಗಳು ತಂತ್ರಾಂಶದ ಡೇಟಾಬೇಸ್‌ನಲ್ಲೇ ಕೂರುತ್ತವೆ. ಪರದೆಯ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಅದೇ ಅದರ ತೊಂದರೆ. ಪರೀಕ್ಷೆ ಸುಲಭ: ಟ್ಯಾಗ್ ಹಾಕಿದ ಒಂದು ಫೋಟೋವನ್ನು ಬೇರೆ ಕಂಪ್ಯೂಟರಿಗೆ ನಕಲು ಮಾಡಿ ನೋಡಬೇಕು. ವಿಂಡೋಸ್‌ನಲ್ಲಿ ಫೈಲಿನ ಪ್ರಾಪರ್ಟೀಸ್ ತೆರೆದು ಡೀಟೇಲ್ಸ್ ಪುಟಕ್ಕೆ ಹೋದರೆ ಟ್ಯಾಗ್ ಎಂಬ ಸಾಲು ಇರುತ್ತದೆ. ಪದ ಅಲ್ಲಿ ಕಂಡರೆ ಫೋಟೋದೊಳಗೆ ಹೋಗಿದೆ ಎಂದು ಅರ್ಥ. ಎಕ್ಸಿಫ್‌ಟೂಲ್ ಎಂಬ ಇನ್ನೊಂದು ಉಚಿತ ಸಾಧನ ಇದ್ದರೆ ಎರಡೂ ಗೂಡುಗಳನ್ನು ಪಕ್ಕಪಕ್ಕ ನೋಡಬಹುದು.

```
exiftool -Subject -Keywords photo.jpg
```

ಮೊದಲನೆಯ ಸಾಲು ಎಕ್ಸ್‌ಎಂಪಿಯದು, ಎರಡನೆಯದು ಐಪಿಟಿಸಿಯದು. ಎರಡರಲ್ಲೂ ಒಂದೇ ಪದಗಳಿರಬೇಕು. ಇರದಿದ್ದರೆ ಯಾಕೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಈಗ ಹೆಸರಿನ ವಿಷಯ. ನಾವು ಮನೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಗದಗಿನ ಅತ್ತಿ, ಬೆಳಗಾವಿ ಮಾವ, ಸಣ್ಣ ಕಾಕಾ, ಹೀಗೆ. ಹಾಗಾದರೆ ಟ್ಯಾಗ್ ಕೂಡ ಹಾಗೇ ಇರಲಿ ಅನಿಸುವುದು ಸಹಜ. ಆದರೆ "ಅತ್ತಿ" ಎಂಬ ಒಂದು ಪದವನ್ನೇ ತಗೊಳ್ಳಿ. ಅಪ್ಪನ ತಂಗಿ ಅತ್ತಿ. ಸೋದರಮಾವನ ಹೆಂಡತಿ ಅತ್ತಿ. ಹೆಂಡತಿಯ ತಾಯಿಯೂ ಅತ್ತಿ. ನನಗೇ ಮೂವರು. ಮಗಳಿಗೆ ಅತ್ತಿ ಅಂದರೆ ನನ್ನ ತಂಗಿ. ಅವಳು ಪುಣೆಯಲ್ಲಿ ಬೆಳೆದವಳು, ಅತ್ತಿಗೆ "ಆತ್ಯಾ" ಅಂತಲೂ ಅನ್ನುತ್ತಾಳೆ. ನನ್ನ ಕಾಕಾ ಅವಳಿಗೆ ಅಜ್ಜ, ಕಾಕಾನ ಮೊಮ್ಮಗನಿಗೂ ಅಜ್ಜ, ಪಕ್ಕದ ಮನೆಯ ಹುಡುಗರಿಗೂ ಅಜ್ಜ. ನಮ್ಮ ಸಂಬಂಧವಾಚಕಗಳು ಮನುಷ್ಯನನ್ನು ಹೇಳುವುದಿಲ್ಲ. ಹೇಳುವವನಿಂದ ಆ ಮನುಷ್ಯನಿಗೆ ಇರುವ ದಾರಿಯನ್ನು ಹೇಳುತ್ತವೆ. ಹೇಳುವವನು ಬದಲಾದರೆ ದಾರಿ ಬದಲಾಗುತ್ತದೆ. ಫೋಟೋದ ಆಯುಷ್ಯ ಟ್ಯಾಗ್ ಹಾಕಿದವನಿಗಿಂತ ದೊಡ್ಡದು. ಐವತ್ತು ವರ್ಷದ ನಂತರ "ಕಾಕಾ" ಎಂಬ ಟ್ಯಾಗ್ ಓದುವವರಿಗೆ ಯಾರ ಕಾಕಾ ಎಂಬುದೇ ಗೊತ್ತಿರುವುದಿಲ್ಲ.

ಅಡ್ಡಹೆಸರು ಬೇಡವೇ ಅಂದರೆ, ನಮ್ಮ ಮನೆತನದಲ್ಲಿ "ಪಪ್ಪು"ಗಳೇ ಮೂವರಿದ್ದಾರೆ. ದಾಖಲೆಯ ಪೂರ್ತಿ ಹೆಸರು ಬಳಸೋಣ ಅಂದರೆ ಹೆಣ್ಣುಮಕ್ಕಳ ಅಡ್ಡಹೆಸರು, ಅಂದರೆ ಸರ್‌ನೇಮ್, ಮದುವೆಯ ನಂತರ ಬದಲಾಗುತ್ತದೆ. ಕೆಲವು ಮನೆಗಳಲ್ಲಿ ಮೊದಲ ಹೆಸರನ್ನೇ ಬದಲಿಸುತ್ತಾರೆ. ನಮ್ಮ ಅವ್ವನಿಗೆ ತವರಿನಲ್ಲಿ ಒಂದು ಹೆಸರು, ಇಲ್ಲಿ ಒಂದು. ಅವ್ವನ ಮದುವೆಗೆ ಮುಂಚಿನ ಫೋಟೋಕ್ಕೆ ಯಾವ ಹೆಸರು ಹಾಕಬೇಕು? ಊರಿನ ಹೆಸರು ಸೇರಿಸೋಣ ಅಂದರೆ ಬೆಳಗಾವಿ ಮಾವ ನಿವೃತ್ತಿಯಾಗಿ ಹುಬ್ಬಳ್ಳಿಗೆ ಬಂದು ಎಂಟು ವರ್ಷವಾಯಿತು.

ಹೀಗೆ ಒಂದೊಂದನ್ನೇ ತಳ್ಳಿಹಾಕಿದ ಮೇಲೆ ಉಳಿದದ್ದು ಬದಲಾಗದ ಎರಡು ಸಂಗತಿ: ಹುಟ್ಟಿದಾಗ ಇಟ್ಟ ಹೆಸರು, ಹುಟ್ಟಿದ ವರ್ಷ. ಕಾಕಾ `ಗೋವಿಂದ-1951`. ಅವರ ಮಗಳು `ಸುಮಂಗಲಾ-1988`. ಹಿರಿಯರ ವರ್ಷ ಖಚಿತವಿಲ್ಲದಿದ್ದರೆ ಅಂದಾಜಿನದು ಸಾಕು, ಯಾಕೆಂದರೆ ಇಲ್ಲಿ ವರ್ಷ ಪುರಾವೆಯಲ್ಲ, ಇಬ್ಬರು ಗೋವಿಂದರನ್ನು ಬೇರ್ಪಡಿಸುವ ಗುರುತು. ಕಾಕಾ, ಅತ್ತಿ, ಪಪ್ಪು ಎಲ್ಲವೂ ಒಂದು ಪಟ್ಟಿಗೆ ಹೋದವು. ಎಡಗಡೆ ಟ್ಯಾಗ್, ಬಲಗಡೆ ಆ ಮನುಷ್ಯನಿಗಿರುವ ಎಲ್ಲ ಹೆಸರು ಮತ್ತು ಯಾರ ಮಗ, ಯಾರ ಹೆಂಡತಿ ಎಂಬ ವಿವರ. ಈಗ 164 ಜನ ಇದ್ದಾರೆ. ಈ ಪಟ್ಟಿಯನ್ನು ಸಾದಾ ಟೆಕ್ಸ್ಟ್ ಫೈಲಾಗಿ ಫೋಟೋಗಳ ಜೊತೆಗೇ ಇಟ್ಟಿದ್ದೇನೆ. ಟ್ಯಾಗ್‌ಗಿಂತ ಈ ಪಟ್ಟಿ ಮುಖ್ಯ. ಇದಿಲ್ಲದೆ ಟ್ಯಾಗ್‌ಗಳು ನನ್ನೊಬ್ಬನಿಗೆ ಮಾತ್ರ ಅರ್ಥವಾಗುವ ಸಂಕೇತ.

ಇನ್ನೊಂದು ಕಟ್ಟುನಿಟ್ಟು: ಹೆಸರನ್ನು ಒಮ್ಮೆ ಮಾತ್ರ ಟೈಪ್ ಮಾಡಬೇಕು, ಆಮೇಲೆ ಪಟ್ಟಿಯಿಂದ ಆರಿಸಬೇಕು. ಕನ್ನಡದಲ್ಲಿ ಇದು ಇನ್ನೂ ಅಗತ್ಯ. ನಮ್ಮ ಕಡೆ ಮಂಗಲಾ, ಇನ್ನೊಬ್ಬರಿಗೆ ಮಂಗಳಾ. ಶಾಂತ, ಶಾಂತಾ. ಇವು ಕಣ್ಣಿಗಾದರೂ ಕಾಣುತ್ತವೆ. ಕಣ್ಣಿಗೆ ಕಾಣದ್ದೂ ಒಂದಿದೆ. ಕನ್ನಡದಲ್ಲಿ ಅರ್ಧಾಕ್ಷರದ ಮುಂದೆ ಒತ್ತಕ್ಷರ ಆಗದಂತೆ ತಡೆಯಲು ಒಂದು ಅದೃಶ್ಯ ಚಿಹ್ನೆ ಹಾಕುತ್ತೇವೆ. "ಶ್ರೀನಿವಾಸ್" ಎಂಬ ಹೆಸರಿನ ಕೊನೆಗೆ ಅದು ಸೇರಿಕೊಂಡಿದ್ದರೂ, ಸೇರದಿದ್ದರೂ ಓದುವವರಿಗೆ ಒಂದೇ. ಕಂಪ್ಯೂಟರಿಗೆ ಅವು ಎರಡು ಬೇರೆ ಪದಗಳು. ಟ್ಯಾಗ್ ಪಟ್ಟಿಯಲ್ಲಿ ಒಂದೇ ಹೆಸರು ಅಕ್ಷರವೂ ವ್ಯತ್ಯಾಸವಿಲ್ಲದೆ ಎರಡು ಸಲ ಕಂಡರೆ ಕಾರಣ ಹೆಚ್ಚಾಗಿ ಇದೇ. ಎರಡನೆಯದರ ಫೋಟೋಗಳಿಗೆಲ್ಲ ಮೊದಲನೆಯ ಟ್ಯಾಗ್ ಹಾಕಿ, ಎರಡನೆಯದನ್ನು ಅಳಿಸಿದರೆ ಸರಿಹೋಗುತ್ತದೆ.

ಊರಿನ ಹೆಸರಿಗೂ ಇದೇ ನಿಯಮ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾದವು. ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. 1992ರ ಫೋಟೋಕ್ಕೆ ಬಿಜಾಪುರ, 2018ರ ಫೋಟೋಕ್ಕೆ ವಿಜಯಪುರ ಎಂದು ಹಾಕಿದರೆ ಹುಡುಕುವವರಿಗೆ ಅರ್ಧ ಮಾತ್ರ ಸಿಗುತ್ತದೆ. ಆದ್ದರಿಂದ ಎಲ್ಲದಕ್ಕೂ ಈಗಿನ ಹೆಸರು. ಫೋನಿನ ಫೋಟೋಗಳಲ್ಲಿ ಅಕ್ಷಾಂಶ ರೇಖಾಂಶ ತಾನೇ ಇರುತ್ತದೆ, ಆದರೆ ಅದು ಮನೆಯನ್ನು ಹೇಳುವುದಿಲ್ಲ. ಮಾಳಮಡ್ಡಿಯ ನಮ್ಮ ಹಳೆಯ ಮನೆ ಮಾರಿ, ಅಲ್ಲೀಗ ಅಪಾರ್ಟ್‌ಮೆಂಟ್ ಎದ್ದಿದೆ. ನಕ್ಷೆಯಲ್ಲಿ ಆ ಜಾಗ ಒತ್ತಿದರೆ ಅಪಾರ್ಟ್‌ಮೆಂಟಿನ ಹೆಸರು ಬರುತ್ತದೆ. ನಮಗೆ ಅದು `ಧಾರವಾಡ-ಮಾಳಮಡ್ಡಿ-ಮನೆ`.

ಇನ್ನು ಸಂದರ್ಭ. ಇಲ್ಲಿ ಮದುವೆಯನ್ನೇ ಉದಾಹರಣೆಗೆ ತಗೊಳ್ಳುತ್ತೇನೆ, ಯಾಕೆಂದರೆ ಅದೇ ಅತಿ ಕಷ್ಟದ್ದು. ಸುಮಂಗಲಾಳ ಮದುವೆ 2016ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಆಯಿತು. ಅದರ ಫೋಟೋಗಳು ಐದು ಕಡೆಯಿಂದ ಬಂದಿದ್ದವು: ಫೋಟೋಗ್ರಾಫರನ ಪೆನ್ ಡ್ರೈವ್, ನನ್ನ ಕ್ಯಾಮೆರಾ, ಅಣ್ಣನ ಫೋನ್, ಬೀಗರ ಕಡೆಯವರು ಕೊಟ್ಟದ್ದು, ಮತ್ತು ವಾಟ್ಸಾಪ್. ಒಟ್ಟು 1,740. ಟ್ಯಾಗ್ ಹಾಕಲು ಕೂತವರು ಸಾಮಾನ್ಯವಾಗಿ ಮೊದಲ ಫೋಟೋ ತೆರೆದು ಅದರಲ್ಲಿರುವ ಹದಿನಾಲ್ಕು ಜನರ ಹೆಸರು ಹಾಕಲು ಶುರು ಮಾಡುತ್ತಾರೆ. ನಲವತ್ತನೆಯ ಫೋಟೋಕ್ಕೆ ಸಾಕಾಗಿ ಏಳುತ್ತಾರೆ. ಕ್ರಮ ತಿರುಗಾಮುರುಗಾ ಇರಬೇಕು. ಮೊದಲು ಇಡೀ 1,740 ಆರಿಸಿ ಒಂದೇ ಸಲಕ್ಕೆ ಸಂದರ್ಭದ ಟ್ಯಾಗ್: `2016-02-ಮದುವೆ-ಸುಮಂಗಲಾ`. ಅದರ ಜೊತೆಗೆ ಊರು. ಇಷ್ಟಕ್ಕೆ ಐದು ನಿಮಿಷ ಸಾಕು, ಮದುವೆ ಹುಡುಕಿದರೆ ಸಿಗುವ ಸ್ಥಿತಿಗೆ ಬಂದಾಯಿತು.

ಎರಡನೆಯ ಸುತ್ತಿನಲ್ಲಿ ಮದುವೆಯ ಭಾಗಗಳು. ಅರಿಷಿಣ, ಸುರಗಿ, ಅಕ್ಕಿಕಾಳು, ಊಟ, ಮನೆ ತುಂಬಿಸುವುದು. ಫೋಟೋಗಳು ಸಮಯದ ಕ್ರಮದಲ್ಲಿ ಇರುವುದರಿಂದ ಒಂದೊಂದು ಭಾಗವೂ ಒಂದು ಸಾಲು. ಮೊದಲನೆಯದನ್ನೂ ಕೊನೆಯದನ್ನೂ ಆರಿಸಿದರೆ ನಡುವಿನದೆಲ್ಲ ಬರುತ್ತದೆ. ಇದು ಅರ್ಧ ಗಂಟೆಯ ಕೆಲಸ. ವಾಟ್ಸಾಪಿನಿಂದ ಬಂದವುಗಳನ್ನು ಮಾತ್ರ ಕೈಯಲ್ಲಿ ಬೇರ್ಪಡಿಸಬೇಕು. `IMG-20160214-WA0031.jpg` ಎಂಬ ಹೆಸರಿನಲ್ಲಿರುವ ದಿನಾಂಕ ಫೋಟೋ ತೆಗೆದ ದಿನದ್ದಲ್ಲ, ಅದು ವಾಟ್ಸಾಪಿಗೆ ಬಂದ ದಿನದ್ದು. ಒಳಗಿನ ವಿವರವನ್ನೆಲ್ಲ ವಾಟ್ಸಾಪ್ ತೆಗೆದುಹಾಕಿರುತ್ತದೆ. ಇದು ನಾವು ಕಳಿಸುವಾಗಲೂ ಅನ್ವಯ: ಟ್ಯಾಗ್ ಹಾಕಿದ ಫೋಟೋವನ್ನು ಫೋಟೋ ಆಗಿ ಕಳಿಸಿದರೆ ಟ್ಯಾಗ್ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಇದ್ದ ಹಾಗೇ ತಲುಪುತ್ತದೆ.

ಮೂರನೆಯ ಸುತ್ತಿನಲ್ಲಿ ಜನ. ಇಲ್ಲಿ ಕೈ ಬಿಗಿ ಹಿಡಿಯಬೇಕು. ಎಲ್ಲ ಫೋಟೋಕ್ಕೂ ಎಲ್ಲರ ಹೆಸರು ಹಾಕುವುದಲ್ಲ. ಊಟದ ಪಂಕ್ತಿಯಲ್ಲಿ ಕೂತ ನೂರು ಜನರ ಫೋಟೋಕ್ಕೆ ಹೆಸರು ಬೇಡ. ಗುಂಪಿನ ಫೋಟೋಗಳು, ಮತ್ತು ಒಬ್ಬರು ಏನೋ ಮಾಡುತ್ತಿರುವಾಗ ಸಿಕ್ಕ ಫೋಟೋಗಳು, ಇವಕ್ಕೆ ಹಾಕಬೇಕು. 1,740ರಲ್ಲಿ ಅಂಥವು 210 ಬಂದವು. ಆ ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಇದರ ಫಲ ಸಿಕ್ಕಿದ್ದು 2023ರಲ್ಲಿ. ಆ ವರ್ಷ ಕಾಕಾ ತೀರಿಕೊಂಡರು. ಸುಮಂಗಲಾ ಈಗ ಹೈದರಾಬಾದಿನಲ್ಲಿದ್ದಾಳೆ. ಹತ್ತನೆಯ ದಿನ ಫೋನ್ ಮಾಡಿ, "ಅಣ್ಣಾ, ಅಕ್ಕಿಕಾಳಿಗೆ ಮುಂಚೆ ಅಪ್ಪ ನನ್ನ ಬಾಸಿಂಗದ ದಾರ ಸಡ್ಲಾಗೇದ ಅಂತ ಕಟ್ಟಿದ್ರು. ಅದನ್ನ ಯಾರರೆ ಫೋಟೋ ತಗದಿದ್ರೇನು? ನನ್ನ ಹತ್ರ ಇಲ್ಲ" ಅಂದಳು. ಫೋಟೋಗ್ರಾಫರನ ಆಲ್ಬಮ್ಮಿನಲ್ಲಿ ಅದು ಇರಲಿಲ್ಲ. ಅವನು ಆ ಹೊತ್ತಿಗೆ ಅಂತರಪಟದ ಆಚೆ ಗಂಡಿನ ಕಡೆ ನಿಂತಿದ್ದ. ಡಿಜಿಕ್ಯಾಮ್‌ನಲ್ಲಿ ಮೂರು ಟ್ಯಾಗ್ ಒತ್ತಿದೆ: ಮದುವೆಯದು, `ಗೋವಿಂದ-1951`, `ಅಕ್ಕಿಕಾಳು`. ಮೂರರಲ್ಲಿ ಯಾವುದಾದರೂ ಅಲ್ಲ, ಮೂರೂ ಇರಬೇಕು ಎಂಬ ಆಯ್ಕೆ ಇರಬೇಕು ಎನ್ನುವುದನ್ನು ನೆನಪಿಡಿ. ಇಲ್ಲದಿದ್ದರೆ 1,740ಕ್ಕಿಂತ ಹೆಚ್ಚು ಬರುತ್ತವೆ. ಒಂಬತ್ತು ಬಂದವು. ಏಳನೆಯದು ಅದು. ಅಣ್ಣನ ಫೋನಿನದು, ಸ್ವಲ್ಪ ಓರೆ. ಕಾಕಾ ಕನ್ನಡಕವನ್ನು ಹಣೆಗೇರಿಸಿ, ಹಲ್ಲಿನಲ್ಲಿ ದಾರದ ತುದಿ ಹಿಡಿದಿದ್ದಾರೆ. ಫೋನಿನಲ್ಲಿ ಮಾತಾಡುತ್ತಿರುವಾಗಲೇ ಕಳಿಸಿದೆ. ಅವಳು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇಡ್ತೀನಿ" ಅಂದಳು.

ಈಗ ಎರಡು ಗೂಡುಗಳ ವಿಷಯಕ್ಕೆ ಬರುತ್ತೇನೆ. ಕನ್ನಡದಲ್ಲಿ ಟ್ಯಾಗ್ ಹಾಕುವವರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಐಪಿಟಿಸಿ ಗೂಡಿನಲ್ಲಿ ಒಂದು ಪದಕ್ಕೆ ಇರುವ ಜಾಗ 64 ಬೈಟ್. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಅಂದರೆ 64 ಅಕ್ಷರ, ಸಾಕಷ್ಟಾಯಿತು. ಯೂನಿಕೋಡ್ ಕನ್ನಡವನ್ನು ಫೈಲಿನಲ್ಲಿ ಬರೆಯುವ ರೂಢಿಯ ವಿಧಾನದಲ್ಲಿ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ಕಾಗುಣಿತವೂ ಪ್ರತ್ಯೇಕ ಚಿಹ್ನೆ. "ಮದುವೆ" ನಮಗೆ ಮೂರು ಅಕ್ಷರ, ಕಂಪ್ಯೂಟರಿಗೆ ಮ, ದ, ಉಕಾರ, ವ, ಎಕಾರ ಎಂದು ಐದು ಚಿಹ್ನೆ, ಹದಿನೈದು ಬೈಟ್. ಒಟ್ಟು ಲೆಕ್ಕದಲ್ಲಿ ನಮಗೆ ಸಿಗುವುದು 21 ಚಿಹ್ನೆ ಮಾತ್ರ.

ಒಂದು ಟ್ಯಾಗ್ ಎಣಿಸಿ ನೋಡೋಣ. "ಧಾರವಾಡ ಸೋದರಮಾವನ ಮಗಳ ಮದುವೆ" ಎಂದು ಯಾರಾದರೂ ಹಾಕಿದ್ದಾರೆ ಅಂದುಕೊಳ್ಳಿ. ಧಾರವಾಡಕ್ಕೆ 6 ಚಿಹ್ನೆ, ಸೋದರಮಾವನ 8, ಮಗಳ 3, ಮದುವೆ 5. ಒಟ್ಟು 22, ಅಂದರೆ 66 ಬೈಟ್. ನಡುವಿನ ಮೂರು ಖಾಲಿ ಜಾಗಕ್ಕೆ ಒಂದೊಂದು ಬೈಟ್ ಸೇರಿ 69. ಐದು ಬೈಟ್ ಹೆಚ್ಚಾಯಿತು. ಕತ್ತರಿಸಿದರೆ ಕೊನೆಯ "ವೆ" ಹೋಗಿ "ಮದು" ಉಳಿಯುತ್ತದೆ, ಕೆಲವೊಮ್ಮೆ ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಎಕ್ಸ್‌ಎಂಪಿ ಗೂಡಿನಲ್ಲಿ ಈ ಮಿತಿ ಇಲ್ಲ, ಅಲ್ಲಿ ಪೂರ್ತಿ ಇರುತ್ತದೆ. ಹೀಗಾಗಿ ಒಂದು ತಂತ್ರಾಂಶದಲ್ಲಿ "ಮದುವೆ" ಹುಡುಕಿದರೆ ಸಿಗುವ ಫೋಟೋ, ಹಳೆಯ ಗೂಡನ್ನು ಓದುವ ಇನ್ನೊಂದು ತಂತ್ರಾಂಶದಲ್ಲಿ ಸಿಗುವುದಿಲ್ಲ. ಮೇಲೆ ಕೊಟ್ಟ ಆಜ್ಞೆಯಲ್ಲಿ ಎರಡು ಸಾಲು ಬೇರೆ ಬೇರೆ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಪರಿಹಾರ ಇಷ್ಟೇ: ಟ್ಯಾಗ್ ಚಿಕ್ಕದಿರಲಿ. `2016-02-ಮದುವೆ-ಸುಮಂಗಲಾ` 45 ಬೈಟ್. ಉದ್ದ ಹೇಳಬೇಕಾದ್ದನ್ನು ಫೋಟೋದ ವಿವರಣೆಯ ಜಾಗದಲ್ಲಿ ಬರೆಯಬಹುದು, ಅಲ್ಲಿ ಸ್ಥಳ ಬಹಳ ಇದೆ.

ಕನ್ನಡವೇ ಯಾಕೆ, ಇಂಗ್ಲಿಷ್ ಲಿಪಿಯಲ್ಲಿ ಹಾಕಿದರೆ ಈ ತಂಟೆಯೇ ಇಲ್ಲವಲ್ಲ ಎಂದು ಅಣ್ಣ ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಹೆಸರಿಗೆ ಒಂದೇ ಕಾಗುಣಿತ ಇಲ್ಲ. ಲಕ್ಷ್ಮಿಯನ್ನು ನಮ್ಮ ಮನೆಯಲ್ಲೇ ಮೂರು ಥರ ಬರೆಯುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಈ ಕೆಲಸದಲ್ಲಿ ನಿಜವಾದ ತಜ್ಞೆ ಅವ್ವ. ಅವಳು ಪಟ್ಟಿ ಓದಿ ತಪ್ಪು ಹೇಳಬೇಕಾದರೆ ಅದು ಕನ್ನಡದಲ್ಲಿರಬೇಕು. ಮಗಳ ಪೀಳಿಗೆಗೆ ಕನ್ನಡ ಟೈಪ್ ಮಾಡುವುದು ಕಷ್ಟ ಎಂಬುದಕ್ಕೆ ಪಟ್ಟಿಯಲ್ಲಿ ಪ್ರತಿ ಟ್ಯಾಗ್ ಪಕ್ಕ ಇಂಗ್ಲಿಷ್ ಲಿಪಿಯ ರೂಪವನ್ನೂ ಬರೆದಿದ್ದೇನೆ. ಅಲ್ಲಿಂದ ನಕಲು ಮಾಡಿ ಹುಡುಕಿದರಾಯಿತು.

ಅವ್ವನಿಗೆ 74. ಹಳೆಯ ಆಲ್ಬಮ್‌ಗಳ ಫೋಟೋಗಳಿಗೆ ಅವಳ ಹೊರತು ಬೇರೆ ದಾಖಲೆ ಇಲ್ಲ. ಒಂದೇ ಒಂದು ಅಪವಾದ ಅಂದರೆ ಲಗ್ನಪತ್ರಿಕೆಗಳು. ಅಪ್ಪ ಅವನ್ನೆಲ್ಲ ಒಂದು ರಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದರು. ಒಂದು ಲಗ್ನಪತ್ರಿಕೆಯಲ್ಲಿ ತಾರೀಖು, ಮುಹೂರ್ತ, ಕಾರ್ಯಾಲಯ, ಊರು, ಎರಡೂ ಕಡೆಯ ಅಜ್ಜಂದಿರ ಹೆಸರು, "ಆಶೀರ್ವಾದ ಕೋರುವವರು" ಎಂದು ಕೆಳಗೆ ಇಡೀ ಪರಿವಾರ, ಎಲ್ಲ ಇರುತ್ತದೆ. ಟ್ಯಾಗ್ ಹಾಕುವವನಿಗೆ ಇದಕ್ಕಿಂತ ಏನು ಬೇಕು? ಪ್ರತಿ ಮದುವೆಯ ಫೋಲ್ಡರಿನಲ್ಲಿ ಮೊದಲ ಚಿತ್ರ ಈಗ ಲಗ್ನಪತ್ರಿಕೆಯದೇ. ಸ್ಕ್ಯಾನ್ ಮಾಡಿದ ಫೋಟೋಕ್ಕೆ ಸ್ಕ್ಯಾನ್ ಮಾಡಿದ ದಿನವೇ ಅಂಟಿರುತ್ತದೆ. ಆದ್ದರಿಂದ 1989ರ ಮದುವೆ ಮೊನ್ನೆ ಮೊನ್ನೆ ಆದ ಹಾಗೆ ತೋರಿಸುತ್ತದೆ. ಪತ್ರಿಕೆಯಿಂದ ತಾರೀಖು ತೆಗೆದುಕೊಂಡು ಇಡೀ ಫೋಲ್ಡರಿಗೆ ಹೀಗೆ ಹಾಕಬಹುದು.

```
exiftool -AllDates="1989:05:14 10:00:00" scan-1989
```

ಈ ಸಾಧನ ಮೂಲ ಫೈಲನ್ನು `_original` ಎಂಬ ಬಾಲ ಸೇರಿಸಿ ಹಾಗೇ ಉಳಿಸುತ್ತದೆ. ಎಲ್ಲ ಸರಿ ಬಂದಿದೆ ಎಂದು ನೋಡಿದ ಮೇಲೆ ಅವನ್ನು ಅಳಿಸಬಹುದು.

ಲಗ್ನಪತ್ರಿಕೆ ಹೆಸರುಗಳನ್ನು ಕೊಡುತ್ತದೆ, ಆದರೆ ಯಾವ ಹೆಸರು ಯಾವ ಮುಖಕ್ಕೆ ಎಂದು ಹೇಳುವುದಿಲ್ಲ. ಅದಕ್ಕೆ ಅವ್ವ ಬೇಕು. ರಜೆಗೆ ಹೋದಾಗ ಲ್ಯಾಪ್‌ಟಾಪ್ ಅವಳ ಮುಂದಿಟ್ಟು ಕೂರುತ್ತೇನೆ. "ಇಂವ ಯಾರವಾ?" ಅಂದರೆ ನೇರವಾಗಿ ಹೆಸರು ಬರುವುದಿಲ್ಲ. "ಇಂವನೇನು, ನಮ್ಮ ಗದಗಿನ ಅತ್ತಿ ಮೈದುನ. ಮುಂಬೈದಾಗ ರೇಲ್ವೆದಾಗಿದ್ದ. ಹೆಸರು ತಡಿ... ಅಂಗಿ ನೋಡು, ಅಪ್ಪಂದs ಇಸಗೊಂಡು ಹಾಕ್ಕೊಂಡಾನ" ಅನ್ನುತ್ತಾಳೆ. ಅದನ್ನೆಲ್ಲ ವಿವರಣೆಯಲ್ಲಿ ಹಾಗೇ ಬರೆಯುತ್ತೇನೆ. ಒಂದು ಕೂಡಿಕೆಗೆ ಮೂವತ್ತು ಫೋಟೋಗಿಂತ ಹೆಚ್ಚು ಸಾಗುವುದಿಲ್ಲ. ಅವಳಿಗೆ ದಣಿವಾದರೆ ಹೆಸರುಗಳು ಅದಲುಬದಲಾಗುತ್ತವೆ. ಒಂದೇ ಮುಖಕ್ಕೆ ಎರಡು ಫೋಟೋದಲ್ಲಿ ಎರಡು ಹೆಸರು ಬಂದರೆ ಅಂದಿಗೆ ನಿಲ್ಲಿಸುತ್ತೇನೆ.

ಅವಳಿಗೂ ಗೊತ್ತಿಲ್ಲದ ಮುಖಗಳಿಗೆ ಟ್ಯಾಗ್ ಬಿಡುವುದಿಲ್ಲ. ಅವಕ್ಕೂ ಹೆಸರಿದೆ: `ಯಾರು-01`, `ಯಾರು-02`. ಒಂದು ಮುಖಕ್ಕೆ ಎಲ್ಲ ಫೋಟೋದಲ್ಲೂ ಅದೇ ಸಂಖ್ಯೆ. ಇದರಿಂದ ಅಪರಿಚಿತನನ್ನೂ ಹುಡುಕಬಹುದು. `ಯಾರು-07` ಎಂಬಾತ 1978ರಿಂದ 1986ರವರೆಗಿನ ನಾಲ್ಕು ಸಮಾರಂಭಗಳಲ್ಲಿ ಇದ್ದ, ಯಾವಾಗಲೂ ಅಜ್ಜನ ಎಡಗಡೆ. ಆ ನಾಲ್ಕು ಫೋಟೋಗಳನ್ನು ಒಟ್ಟಿಗೆ ತೋರಿಸಿದಾಗಲೇ ಗದಗಿನ ಅತ್ತಿಗೆ ಹೊಳೆದದ್ದು, ಅವರು ಅಜ್ಜನ ಜೊತೆ ಸಾಲಿಯಲ್ಲಿದ್ದ ಮಾಸ್ತರರು ಎಂದು. ಟ್ಯಾಗಿನ ಹೆಸರನ್ನು ಒಂದು ಕಡೆ ಬದಲಿಸಿದೆ, ನಾಲ್ಕೂ ಫೋಟೋದಲ್ಲಿ ಬದಲಾಯಿತು. ಒಂಟಿ ಫೋಟೋದಲ್ಲಿ ಯಾರಿಗೂ ಗುರುತು ಸಿಕ್ಕಿರಲಿಲ್ಲ.

`ಯಾರು-03` ಮಾತ್ರ ಹಾಗೇ ಉಳಿಯಬಹುದು. ಅವ್ವನ ಮದುವೆಯ ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ಕೂತ ಏಳೆಂಟು ವರ್ಷದ ಹುಡುಗಿ, ಕೈಯಲ್ಲಿ ಗುಲಾಬ್‌ದಾನಿ. ಆಕೆ ಯಾರೆಂದು ಕಾಕಾನಿಗೆ ಗೊತ್ತಿತ್ತಂತೆ. "ಅಂವಾ ಇದ್ದಿದ್ರ ಹೇಳ್ತಿದ್ದ" ಅನ್ನುತ್ತಾಳೆ ಅವ್ವ. ಈಗ ಪಟ್ಟಿಯಲ್ಲಿ ಹನ್ನೊಂದು ಯಾರುಗಳಿವೆ. ಹನ್ನೊಂದೂ ಮುಖಗಳನ್ನು ದೊಡ್ಡದು ಮಾಡಿ, ಕೆಳಗೆ ಸಂಖ್ಯೆ ಹಾಕಿ, ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆಸಿದ್ದೇನೆ. ದೀಪಾವಳಿಗೆ ಬೆಳಗಾವಿ ಮಾವ ಧಾರವಾಡಕ್ಕೆ ಬರುತ್ತಾರೆ, ಅವರಿಗೆ 81.